ಬೇಲಿ ಹಿಂದೆ ದೊಡ್ಡಪ್ಪನವರನ್ನ ಸೇರಿಸೋದು: ಕಲ್ಲುಕಂಬ, ಮುಳ್ಳುತಂತಿ, ಸಿಲ್ವರ್ ಕೊಂಬೆ ಮುಂದೆ ಬರಬೇಕು

ಮೂಡಿಗೆರೆ ಆಲ್ಬಂ

ಎಸ್ಟೇಟ್ ಮನೆಯೊಂದರ ಗ್ರೂಪ್ ಫೋಟೋ ಇದು. ಮನೆಯವರು ಬೇಲಿಯ ಒಳಗಡೆ ಹುಲ್ಲಿನ ಮೇಲೆ ನಿಂತಿದ್ದಾರೆ, ಕ್ಯಾಮೆರಾ ಹೊರಗಡೆ ಇದೆ. ಮುಂದೆ ಎರಡು ಕಲ್ಲುಕಂಬ, ನಡುವೆ ಮೂರು ಸಾಲು ಮುಳ್ಳುತಂತಿ. ಎಡಗಡೆ ಮೇಲಿಂದ ಸಿಲ್ವರ್ ಮರದ ಕೊಂಬೆಯೊಂದು ಇಳಿಬಿದ್ದಿದೆ, ಅದರ ಹಿಂದೆ ಅರ್ಧ ಆಕಾಶ, ಅರ್ಧ ತೋಟ. ಮನೆಯ ದೊಡ್ಡಪ್ಪನವರು ಆವತ್ತು ಊರಲ್ಲಿರಲಿಲ್ಲ, ಅವರ ಬೇರೆ ಫೋಟೋ ಕೊಟ್ಟಿದ್ದಾರೆ. ಬಿಳಿ ಅಂಗಿ, ಬಿಳಿ ಪಂಚೆ. ಅವರನ್ನ ಎಡಗಡೆ ಕೊನೆಗೆ ನಿಲ್ಲಿಸಬೇಕು. ಕಂಬ ಅವರ ಭುಜ ಮುಚ್ಚಬೇಕು, ತಂತಿ ಎದೆ, ಸೊಂಟ, ಮೊಣಕಾಲಿನ ಮೇಲೆ ಹಾಯಬೇಕು, ಕೊಂಬೆ ಹಣೆ ಹತ್ತಿರ ಬರಬೇಕು.

ಮೂಲ ಫೈಲ್ 6000×4000. 12×36 ಶೀಟಿನಲ್ಲಿ ಅರ್ಧ ಜಾಗಕ್ಕೆ ಹೋಗುತ್ತೆ. ಈಗ ಫೋಟೋಶಾಪಿನಲ್ಲಿ ಮಾಡಿರೋದು: Object Selection ಟೂಲಲ್ಲಿ ಬೇಲಿ ಆರಿಸಿ, Ctrl+J ಒತ್ತಿ, ಆ ಲೇಯರನ್ನ ದೊಡ್ಡಪ್ಪನವರ ಮೇಲೆ ಇಟ್ಟಿರೋದು. ಕಂಬ ಪರವಾಗಿಲ್ಲ. ತಂತಿ ಮಾತ್ರ ಬಿಳಿ ಅಂಗಿ ಮೇಲೆ ಹಸಿರು ಅಂಚಿನ ರಿಬ್ಬನ್ ತರ ಕಾಣುತ್ತೆ, ಅಲ್ಲಲ್ಲಿ ಕಡಿದೂ ಹೋಗಿದೆ. ಕೊಂಬೆಯ ಎಲೆ ಸುತ್ತ ಬಿಳಿ ಗೆರೆ. ಎಲ್ಲಿ ಸರಿ ಮಾಡ್ಕೋಬೇಕು?

ಆಲೂರು ಹುಡುಗ

ಅಣ್ಣ, ಇಷ್ಟಕ್ಕೆಲ್ಲ ಕಟಿಂಗೇ ಬೇಡ. ದೊಡ್ಡಪ್ಪನ ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿ, ಕೆಳಗಡೆ Blend If ಇದೆಯಲ್ಲ, ಅದರಲ್ಲಿ Underlying Layer ನ ಕಪ್ಪು ತುದಿಯನ್ನ ಬಲಕ್ಕೆ ಎಳೀರಿ. ಕೆಳಗಿನ ಫೋಟೋದಲ್ಲಿ ಕಪ್ಪಗಿರೋದೆಲ್ಲ ಮೇಲೆ ಬಂದುಬಿಡುತ್ತೆ. Alt ಹಿಡಿದು ಎಳೆದರೆ ತುದಿ ಎರಡಾಗಿ ಸೀಳುತ್ತೆ, ಆಗ ಅಂಚು ಮೆತ್ತಗಾಗುತ್ತೆ. ಕೊಂಬೆ, ತಂತಿ ಎರಡೂ ಎರಡು ನಿಮಿಷದ ಕೆಲಸ.

ಅರಸೀಕೆರೆ ಸ್ಟುಡಿಯೋ

ತಂತಿ ತೆಗೆಯೋಕೆ Content-Aware Fill ಸಾಕು ಸಾರ್. ತಂತಿ ಉದ್ದಕ್ಕೂ ಸೆಲೆಕ್ಷನ್ ಮಾಡಿ, ನಾಲ್ಕು ಪಿಕ್ಸೆಲ್ Expand ಕೊಟ್ಟು ಫಿಲ್ ಮಾಡಿ. ಮುಖದ ಮೇಲೆ ಹಾಯ್ದಿರೋ ಕಡೆ ಮಾತ್ರ ಹೀಲಿಂಗ್ ಬ್ರಷ್.

ಮೂಡಿಗೆರೆ ಆಲ್ಬಂ

ತೆಗೆಯೋದಲ್ಲ ಸಾರ್, ಇರಬೇಕು. ಉಳಿದವರ ಮೇಲೆಲ್ಲ ತಂತಿ ಹಾಯ್ದಿದೆ. ಇವರೊಬ್ಬರ ಮೇಲೆ ಇಲ್ಲದಿದ್ದರೆ ಬೇಲಿಯ ಹೊರಗೆ ನಿಂತ ಹಾಗೆ ಕಾಣುತ್ತೆ.

ಆಲೂರು ಅವರೇ, ನೀವು ಹೇಳಿದ್ದು ಮಾಡಿ ನೋಡಿದೆ. ಆಕಾಶದ ಮುಂದಿರೋ ಎಲೆಗಳು ಚೆನ್ನಾಗಿ ಬಂದವು. ಆದರೆ ಎದೆಯಿಂದ ಕೆಳಗೆ ದೊಡ್ಡಪ್ಪನವರ ಒಳಗೇ ಕಾಫಿ ಗಿಡ ಬೆಳೆದ ಹಾಗಿದೆ.

ಬೇಲೂರು ಮೇಷ್ಟ್ರು

ಆಗಲೇಬೇಕಲ್ಲ. Blend If ನೋಡೋದು ಕೆಳಗಿನ ಪಿಕ್ಸೆಲ್ ಎಷ್ಟು ಕಪ್ಪು ಅನ್ನೋದನ್ನ ಮಾತ್ರ. ಆ ಕಪ್ಪು ಬೇಲಿಯದೋ, ಹಿಂದಿನ ತೋಟದ್ದೋ ಅದಕ್ಕೆ ಗೊತ್ತಾಗಲ್ಲ. ಮುಂದಿನ ವಸ್ತು ಕಪ್ಪಗಿದ್ದು ಹಿಂದೆ ಬರೀ ಆಕಾಶ ಇರೋ ಜಾಗಕ್ಕೆ ಆಲೂರಿನವರ ದಾರಿ ಸರಿ, ಅಷ್ಟಕ್ಕೇ ಸರಿ.

ಈ ಫೋಟೋದಲ್ಲಿ ಮುಂದೆ ಬರಬೇಕಾದವು ಮೂರು, ಮೂರಕ್ಕೂ ಮೂರು ಬೇರೆ ದಾರಿ. ಕಂಬ ಅಗಲ ಇದೆ, ಒಳಗೆಲ್ಲ ಬರೀ ಕಲ್ಲಿನ ಬಣ್ಣ. ಅದನ್ನ ಮಾಸ್ಕ್ ಮಾಡಿ. ತಂತಿ ತೆಳ್ಳಗಿದೆ, ಅದರಲ್ಲಿ ಶುದ್ಧ ತಂತಿಯ ಬಣ್ಣದ ಪಿಕ್ಸೆಲ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದನ್ನ ಕತ್ತರಿಸೋಕೆ ಹೋಗಬೇಡಿ, ಮತ್ತೆ ಬರೀರಿ. ಕೊಂಬೆಗೆ ಚಾನೆಲ್ ಮಾಸ್ಕ್, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಲೇಯರ್ ಜೋಡಣೆ. ದೊಡ್ಡಪ್ಪನವರ ಕಟಿಂಗ್ ಮಾಸ್ಕ್ ಅವರ ಲೇಯರ್ ಮೇಲೇ ಇರಲಿ. ಆ ಲೇಯರ್ ಒಂದನ್ನೇ ಆರಿಸಿ Ctrl+G ಒತ್ತಿ ಗ್ರೂಪ್ ಮಾಡಿ, ಗ್ರೂಪಿಗೆ ಇನ್ನೊಂದು ಮಾಸ್ಕ್ ಹಾಕಿ. ಕಂಬ, ಕೊಂಬೆ ಈ ಗ್ರೂಪ್ ಮಾಸ್ಕಿನಲ್ಲೇ ಕಪ್ಪಾಗಬೇಕು. ಹೀಗೆ ಮಾಡಿದರೆ ಒಳಗಿನ ಲೇಯರ್ ಆರಿಸಿ ದೊಡ್ಡಪ್ಪನವರನ್ನ ಎಡಕ್ಕೋ ಬಲಕ್ಕೋ ಸರಿಸಬಹುದು, ಸಣ್ಣ ದೊಡ್ಡ ಮಾಡಬಹುದು. ಕಂಬದ ಆಕಾರ ಕದಲಲ್ಲ. ಒಂದೇ ಮಾಸ್ಕಿನಲ್ಲಿ ಎರಡನ್ನೂ ಮಾಡಿದ್ದರೆ ಅವರನ್ನ ಸರಿಸಿದಾಗ ಕಂಬದ ತೂತೂ ಅವರ ಜೊತೆಗೇ ನಡೆದುಹೋಗುತ್ತೆ. ಕೊಂಬೆಯ ಎಲೆ ಸರಿಯಾಗಿ ಕಣ್ಣಿನ ಮೇಲೆ ಬಂತು ಅಂದರೆ ಇಪ್ಪತ್ತು ಪಿಕ್ಸೆಲ್ ಸರಿಸೋದು ಆಗ ಸುಲಭ.

ಕಂಬವನ್ನ ಪೆನ್ ಟೂಲಲ್ಲಿ ಸುತ್ತಿ ಸೆಲೆಕ್ಷನ್ ಮಾಡಿ, ಗ್ರೂಪ್ ಮಾಸ್ಕಿನಲ್ಲಿ ಕಪ್ಪು ತುಂಬಿ. ಒರಟು ಕಲ್ಲು, ಅಂಚು ನೇರ ಇರಲ್ಲ. ಸ್ಕೇಲಿಟ್ಟ ಹಾಗೆ ಎಳೆದರೆ ತಕ್ಷಣ ಗೊತ್ತಾಗುತ್ತೆ. ಆಮೇಲೆ ಮಾಸ್ಕ್ ಆರಿಸಿ Filter > Other > Maximum, 1 ಪಿಕ್ಸೆಲ್. ಇದು ಬಿಳಿಯನ್ನ ಹಿಗ್ಗಿಸುತ್ತೆ, ಅಂದರೆ ಅಂಗಿ ಕಂಬದ ಕಡೆಗೆ ಒಂದು ಪಿಕ್ಸೆಲ್ ನುಗ್ಗಿ ಕಂಬದ ಅಂಚಿಗೆ ಅಂಟಿದ ಹಳೇ ಹಸಿರನ್ನ ಮುಚ್ಚುತ್ತೆ. ಮೊಬೈಲ್ ಫೋಟೋ ಆಗಿದ್ದರೆ 2 ಬೇಕಾಗಬಹುದು. ಮೊಬೈಲು ಶಾರ್ಪ್ ಮಾಡೋವಾಗ ಅಂಚಿನ ಸುತ್ತ ಒಂದು ಬೆಳಕಿನ ಗೆರೆ ಬಿಟ್ಟಿರುತ್ತೆ.

ಮೂಡಿಗೆರೆ ಆಲ್ಬಂ

ಕಂಬ ಬಂತು ಮೇಷ್ಟ್ರೇ. ತಂತಿ ಮತ್ತೆ ಬರೆಯೋದು ಅಂದರೆ ಬ್ರಷ್ಷಲ್ಲೇ ಎಳೆಯೋದಾ? ಪೇಂಟ್ ಮಾಡಿದ ಹಾಗೆ ಕಾಣಲ್ವಾ? ಮಾಸ್ಕಿನಲ್ಲೇ ಬೂದು ಬಣ್ಣ ಹಾಕಿದರೆ ಆಗಲ್ವಾ?

ಬೇಲೂರು ಮೇಷ್ಟ್ರು

ಮಾಸ್ಕಿನಲ್ಲಿ ಬೂದು ಹಾಕಿದರೆ ಹಸಿರು ಹೋಗಲ್ಲ. ಯಾಕೆ ಅಂತ ನೋಡಿ. ಫೋಕಸ್ ಜನರ ಮೇಲಿದೆ, ತಂತಿ ಕ್ಯಾಮೆರಾಕ್ಕೆ ಹತ್ತಿರ. ಹಾಗಾಗಿ ತಂತಿ ಸ್ವಲ್ಪ ಮಸುಕಾಗಿದೆ. ಮಸುಕು ತಂತಿಗಿಂತ ಅಗಲವಾದಾಗ ತಂತಿಯ ನಟ್ಟನಡುವೆಯೂ ಹಿಂದಿನ ಬಣ್ಣ ಬೆರೆತಿರುತ್ತೆ. ನೀವು ಮಾಸ್ಕ್ ತೆರೆದಾಗ ಕಾಣೋದು ತಂತಿ ಒಂದೇ ಅಲ್ಲ, ತಂತಿ ಮತ್ತು ಕಾಫಿ ಎಲೆ ಎರಡರ ಮಿಶ್ರಣ. ಎಷ್ಟು ನಾಜೂಕಾಗಿ ಕತ್ತರಿಸಿದರೂ ಆ ಎಲೆಯ ಪಾಲು ಬಿಳಿ ಅಂಗಿ ಮೇಲೆ ಬಂದೇ ಬರುತ್ತೆ.

ತಂತಿ ಅಂಗಿ ಮೇಲೆ ಎಷ್ಟು ದಟ್ಟವಾಗಿ ಕಾಣಬೇಕು ಅನ್ನೋದನ್ನ ಊಹಿಸಬೇಕಾಗಿಲ್ಲ, ಅದೇ ಫೋಟೋದಲ್ಲಿ ಉತ್ತರ ಇದೆ. ಅದೇ ತಂತಿ ಪಕ್ಕದವರ ಅಂಗಿ ಮೇಲೆ ಹಾಯ್ದಿದೆಯಲ್ಲ, ಅಲ್ಲಿ ಅಳೀರಿ. F8 ಒತ್ತಿದರೆ Info ಪ್ಯಾನೆಲ್ ಬರುತ್ತೆ. ಮೂರು ಅಂಕಿ ಬೇಕು. ಪಕ್ಕದವರ ಅಂಗಿ ಬರೀ ಬಟ್ಟೆಯಾಗಿರೋ ಕಡೆ ಒಂದು. ಅದೇ ಅಂಗಿ ಮೇಲೆ ತಂತಿಯ ನಡುಭಾಗದಲ್ಲಿ ಒಂದು. ಮೂರನೆಯದು ಶುದ್ಧ ತಂತಿಯ ಬಣ್ಣ. ಅದು ಸಿಗೋದು ತಂತಿಯನ್ನ ಕಂಬಕ್ಕೆ ಸುತ್ತಿ ಬಿಗಿದಿರೋ ಕಡೆ, ಅಲ್ಲಿ ನಾಲ್ಕೈದು ಸುತ್ತು ಒತ್ತಾಗಿ ಕೂತಿರುತ್ತೆ.

ಉದಾಹರಣೆಗೆ ಅಂಗಿ 215, ಅಂಗಿ ಮೇಲಿನ ತಂತಿ 110, ಶುದ್ಧ ತಂತಿ 40 ಅಂತ ಬಂತು ಅಂದ್ಕೊಳ್ಳಿ.

```
(215 - 110) / (215 - 40) = 105 / 175 = 0.6
```

ತಂತಿ ತನ್ನ ಹಿಂದಿರೋದನ್ನ ನೂರಕ್ಕೆ ಅರವತ್ತರಷ್ಟು ಮಾತ್ರ ಮುಚ್ಚುತ್ತಿದೆ ಅಂತ ಅರ್ಥ. ಹಾಗಾದರೆ ದೊಡ್ಡಪ್ಪನವರ ಅಂಗಿ ಮೇಲೆ ಶುದ್ಧ ತಂತಿಯ ಬಣ್ಣವನ್ನ 60% ಒಪಾಸಿಟಿಯಲ್ಲಿ ಹಾಕಿ. ಮಾಸ್ಕ್ ಮುಟ್ಟಬೇಡಿ.

ಹಾಕೋದು ಹೀಗೆ. ಗ್ರೂಪ್ ಒಳಗೆ, ದೊಡ್ಡಪ್ಪನವರ ಲೇಯರಿನ ಮೇಲೆ ಹೊಸ ಖಾಲಿ ಲೇಯರ್. Alt+Ctrl+G ಒತ್ತಿ ಅದನ್ನ ಅವರ ಲೇಯರಿಗೆ ಕ್ಲಿಪ್ ಮಾಡಿ. ಪೆನ್ ಟೂಲಲ್ಲಿ ಮೂಲ ತಂತಿಯ ಮೇಲೇ ಪಾತ್ ಎಳೀರಿ. ತಂತಿ ಎರಡು ಕಂಬಗಳ ನಡುವೆ ಜೋತುಬಿದ್ದು ಒಂದೇ ಬಾಗು ಇರುತ್ತೆ. ಕಂಬದ ಹತ್ತಿರ ಒಂದೊಂದು ಪಾಯಿಂಟ್ ಇಟ್ಟು ಹ್ಯಾಂಡಲ್ ಎಳೆದರೆ ಸಾಕು. ಹತ್ತು ಪಾಯಿಂಟ್ ಇಟ್ಟರೆ ತಂತಿ ಅಲುಗಾಡಿದ ಹಾಗೆ ಕಾಣುತ್ತೆ. ದೊಡ್ಡಪ್ಪನವರ ಮೈ ಇರೋ ಜಾಗದಲ್ಲಿ ತಂತಿ ಮುಚ್ಚಿಹೋಗಿರೋದರಿಂದ ಪಾತ್ ಎಳೆಯೋವಾಗ ಗ್ರೂಪಿನ ಕಣ್ಣು ಮುಚ್ಚಿರಿ. ಪಾತ್ ಅವರ ಮೈಯಿಂದ ಎರಡೂ ಕಡೆ ಹೊರಗೆ ಹೋಗಲಿ, ಕ್ಲಿಪ್ ಆಗಿರೋದರಿಂದ ಹೊರಗಿನದು ಕಾಣಲ್ಲ.

ಬ್ರಷ್ ಸೈಜಿಗೆ 300% ಝೂಮ್ ಮಾಡಿ ಪಕ್ಕದವರ ಅಂಗಿ ಮೇಲಿನ ತಂತಿ ಅಳೀರಿ. ಅಂಚು ಮಸುಕೂ ಸೇರಿ 9 ಪಿಕ್ಸೆಲ್ ಇದ್ದರೆ ಬ್ರಷ್ 9, ಹಾರ್ಡ್‌ನೆಸ್ 30ರ ಆಸುಪಾಸು. ಆಮೇಲೆ Stroke Path, ಅದರಲ್ಲಿ Simulate Pressure ಟಿಕ್ ತೆಗೆದಿರಿ, ಇಲ್ಲಾಂದರೆ ತಂತಿಯ ಎರಡು ತುದಿ ಚೂಪಾಗುತ್ತೆ. ಬ್ರಷ್ಷಿನ ಒಪಾಸಿಟಿ 100 ಇರಲಿ, 60 ಕೊಡೋದು ಲೇಯರಿಗೆ. ಮುಳ್ಳುಗಳನ್ನ ಮೂಲದಲ್ಲಿ ಎಲ್ಲಿವೆಯೋ ಅಲ್ಲೇ 4 ಪಿಕ್ಸೆಲ್ ಬ್ರಷ್ಷಲ್ಲಿ ಕೈಯಲ್ಲೇ ಇಡಿ. ಒಂದೇ ಅಂತರಕ್ಕೆ ಕಾಪಿ ಪೇಸ್ಟ್ ಮಾಡಬೇಡಿ, ಪ್ರತಿ ಮುಳ್ಳೂ ಬೇರೆ ಬೇರೆ ಕಡೆ ತಿರುಗಿರುತ್ತೆ.

ಪೇಂಟ್ ಮಾಡಿದ ಹಾಗೆ ಕಾಣೋದು ಬಣ್ಣ ಒಂದೇ ಸಮ ಇದ್ದಾಗ. ಈ ಲೇಯರಿಗೆ ಮೂಲ ಫೋಟೋದಲ್ಲಿರೋ ಅಷ್ಟೇ ನಾಯ್ಸ್ ಕೊಡಿ. ಕೆಳಗಿನ ಸಾಲು ಹುಲ್ಲಿನ ಹತ್ತಿರ ಇನ್ನೂ ಕಪ್ಪಗಿದ್ದರೆ ಅದಕ್ಕೆ ಬೇರೆ ಲೇಯರ್ ಮಾಡಿ ಬೇರೆ ಬಣ್ಣ ತಗೊಳ್ಳಿ.

ಆಲೂರು ಹುಡುಗ

ಸರಿ ಮೇಷ್ಟ್ರೇ, ತಂತಿ ವಿಷಯ ಒಪ್ಪಿದೆ. ಆದರೆ ಕೊಂಬೆಗೆ ನನ್ನ ದಾರಿಯೇ ಬೇಗ. ಆಕಾಶದ ಭಾಗಕ್ಕೆ ಮಾತ್ರ Blend If ಬೇಕು ಅಂದರೆ ದೊಡ್ಡಪ್ಪನ ತಲೆಯನ್ನ ಬೇರೆ ಲೇಯರಾಗಿ ಕತ್ತರಿಸಿ ಅದಕ್ಕಷ್ಟೇ ಕೊಟ್ಟರಾಯಿತು.

ಕೊಪ್ಪದಕ್ಕ

ಸಿಲ್ವರ್ ಎಲೆಗೆ ಅದು ಪೂರ್ತಿ ಆಗಲ್ಲ ತಮ್ಮಾ. ಸಿಲ್ವರ್ ಎಲೆಯ ಮೇಲ್ಮೈ ಕಡುಹಸಿರು, ಅಡಿಭಾಗ ಬೆಳ್ಳಿ ಬಿಳಿ. ಗಾಳಿಗೆ ಎಲೆ ಮಗುಚಿದ್ದರೆ ಅಡಿಭಾಗದ ಬೆಳಕು ಮೋಡದ ಆಕಾಶಕ್ಕೆ ಹೆಚ್ಚುಕಡಿಮೆ ಸಮ. Blend If ಆ ಎಲೆಯನ್ನ ಆಕಾಶ ಅಂತಲೇ ತಿಳಿದು ಹಣೆಯನ್ನ ಅದರ ಮೇಲೆ ತರುತ್ತೆ. ಒಂದೇ ಎಲೆಯ ಅರ್ಧ ಹಣೆಯ ಮುಂದೆ, ಅರ್ಧ ಹಿಂದೆ! ಅದನ್ನ ತಿದ್ದೋಣ ಅಂದರೆ Blend If ನಲ್ಲಿ ಬ್ರಷ್ ಹಾಕೋಕೆ ಜಾಗವೇ ಇಲ್ಲ.

ಚಾನೆಲ್ಲಿಂದ ಮಾಸ್ಕ್ ಮಾಡಿದರೆ ಕೈಯಲ್ಲಿ ತಿದ್ದಬಹುದು. Channels ನಲ್ಲಿ ಮೂರನ್ನೂ ಒಂದೊಂದಾಗಿ ನೋಡಿ. ಸಾಮಾನ್ಯವಾಗಿ Blue ನಲ್ಲಿ ಆಕಾಶ ಬೆಳ್ಳಗೆ, ಎಲೆ ಕಪ್ಪಗೆ ಚೆನ್ನಾಗಿ ಬೇರೆಯಾಗಿರುತ್ತೆ. ಅದನ್ನ ಡೂಪ್ಲಿಕೇಟ್ ಮಾಡಿ, ಮೂಲ ಚಾನೆಲ್ಲನ್ನೇ ತಿದ್ದಿದರೆ ಫೋಟೋದ ಬಣ್ಣವೇ ಹೋಗುತ್ತೆ. Ctrl+L ಒತ್ತಿ ಎರಡೂ ತುದಿಯನ್ನ ಒಳಗೆ ತನ್ನಿ. ಪೂರ್ತಿ ಕಪ್ಪು ಬಿಳುಪಿಗೆ ಹೋಗಬೇಡಿ, ಎಲೆಯ ಅಂಚಿನಲ್ಲಿ ಸ್ವಲ್ಪ ಬೂದು ಉಳಿಯಲಿ. ಆಮೇಲೆ ಬ್ರಷ್ಷನ್ನ Overlay ಮೋಡಿಗೆ ಹಾಕಿ ಕಪ್ಪು ಬಣ್ಣದಲ್ಲಿ ಎಲೆಗಳ ಮೇಲೆ ಆಡಿಸಿ. ಬೂದು ಇರೋದು ಕಪ್ಪಾಗುತ್ತೆ, ಆಕಾಶದ ಅಪ್ಪಟ ಬಿಳಿ ಹಾಗೇ ಉಳಿಯುತ್ತೆ. ಮಗುಚಿದ ಬೆಳ್ಳಿ ಎಲೆಗಳಿಗೆ ಮಾತ್ರ ಮಾಮೂಲಿ ಬ್ರಷ್ಷೇ ಗತಿ, ಒಂದೊಂದೇ ತುಂಬಬೇಕು. ತೋಟದ ಹಸಿರಿನ ಮುಂದೆ ಬಂದಿರೋ ರೆಂಬೆಗೆ ಯಾವ ಚಾನೆಲ್ಲೂ ಸಹಾಯ ಮಾಡಲ್ಲ. ಅಲ್ಲಿ ಪೆನ್ ಟೂಲ್.

ಕೊನೆಗೆ ಆ ಚಾನೆಲ್ ಮೇಲೆ Ctrl ಹಿಡಿದು ಕ್ಲಿಕ್ ಮಾಡಿದರೆ ಬಿಳಿ ಭಾಗ ಸೆಲೆಕ್ಟ್ ಆಗುತ್ತೆ. Ctrl+Shift+I ಒತ್ತಿ ತಿರುಗಿಸಿ, ಕೊಂಬೆಯ ಸುತ್ತ ಮಾತ್ರ ಗ್ರೂಪ್ ಮಾಸ್ಕಿನಲ್ಲಿ ಕಪ್ಪು ಬ್ರಷ್ ಆಡಿಸಿ. ಪೂರ್ತಿ ಫಿಲ್ ಕೊಟ್ಟರೆ ಕೆಳಗಿನ ತೋಟದ ಕಪ್ಪೂ ಒಳಗೆ ಬಂದುಬಿಡುತ್ತೆ.

ಮೂಡಿಗೆರೆ ಆಲ್ಬಂ

ಅಕ್ಕ, ಮಾಡಿದೆ. ಆಕಾರ ಸರಿ ಬಂತು. ಎಲೆ ಸುತ್ತ ಬಿಳಿ ಗೆರೆ ಇನ್ನೂ ಇದೆ, ಅದರಲ್ಲೂ ಕಪ್ಪು ಕೂದಲಿನ ಮೇಲೆ ಬಂದಿರೋ ಎಲೆಗಳಲ್ಲಿ.

ಕೊಪ್ಪದಕ್ಕ

ಅದು ಎಲೆ ಅಂಚಿಗೆ ಅಂಟಿದ ಆಕಾಶ. ಮೊದಲು ಆ ಜಾಗದ ಮಾಸ್ಕಿಗೆ Maximum 1 ಕೊಟ್ಟು ನೋಡಿ. ಸಿಲ್ವರ್ ಎಲೆ ಬಾಚಣಿಗೆ ಹಲ್ಲಿನ ಹಾಗೆ ಸೀಳಿರೋದರಿಂದ 2 ಕೊಟ್ಟರೆ ತುದಿಗಳೇ ಮಾಯ ಆಗುತ್ತೆ. ಆಮೇಲೂ ಉಳಿದರೆ ಎಲ್ಲದರ ಮೇಲೆ ಒಂದು ಖಾಲಿ ಲೇಯರ್ ಇಟ್ಟು Darken ಮೋಡಿಗೆ ಹಾಕಿ, ಕ್ಲೋನ್ ಸ್ಟಾಂಪಿಗೆ ಎಲೆಯ ಒಳಗಿಂದ ಬಣ್ಣ ತಗೊಂಡು ಅಂಚಿನ ಮೇಲೆ ಓಡಿಸಿ. Sample ನಲ್ಲಿ Current & Below ಇರಲಿ.

ಗಿಂಪ್ ಬಳಸೋರಿಗೆ ಇದಕ್ಕೆ ಸಲೀಸು ದಾರಿ ಇದೆ. ಕೊಂಬೆ ಇರೋ ಭಾಗವನ್ನ ಕಾಪಿ ಮಾಡಿ ಮೇಲಿಟ್ಟು Colors > Color to Alpha ಕೊಟ್ಟು ಆಕಾಶದ ಬಣ್ಣ ಆರಿಸಿದರೆ ಅಂಚಿನಲ್ಲಿ ಬೆರೆತ ಆಕಾಶವನ್ನೂ ಅದೇ ಕಳೆದುಹಾಕುತ್ತೆ. ಆಕಾಶ ಒಂದೇ ಬಣ್ಣದ್ದಾಗಿರಬೇಕು ಅಷ್ಟೇ. ಮೋಡ ಬಿಳಿ, ಸಂದು ನೀಲಿ ಅಂತಿದ್ದರೆ ಎರಡು ತುಂಡಾಗಿ ಮಾಡಿ.

ಬೇಲೂರು ಮೇಷ್ಟ್ರು

ಕೊಂಬೆಯ ಕಾಪಿಯನ್ನ Multiply ಮೋಡಲ್ಲಿ ಮೇಲಿಟ್ಟರೆ ಈ ತೇಪೆ ಕೆಲಸ ಬೇಕಾಗಲ್ಲ ಅನ್ನೋದು ನನ್ನ ಅಭಿಪ್ರಾಯ. Levels ನಲ್ಲಿ ಆಕಾಶವನ್ನ 255ಕ್ಕೆ ತಳ್ಳಿದರೆ ಅದು ಪೂರ್ತಿ ಮಾಯ, ಅಂಚಿನ ಆಕಾಶವೂ ಮಾಯ.

ಕೊಪ್ಪದಕ್ಕ

ಬಿಳಿ ಅಂಗಿ ಮೇಲೆ ಒಪ್ತೀನಿ ಮೇಷ್ಟ್ರೇ. ಹಣೆ, ಕೂದಲಿನ ಮೇಲೆ ಎಲೆ ಇದ್ದಲಿ ಆಗುತ್ತೆ, ಎಲೆಯ ಬಣ್ಣಕ್ಕೆ ಚರ್ಮದ ಬಣ್ಣ ಗುಣಿಸಿಬಿಡುತ್ತೆ. ಬೆಳ್ಳಿ ಎಲೆಯಂತೂ ಕೂದಲಿನ ಮೇಲೆ ಕಾಣೋದೇ ಇಲ್ಲ.

ಬೇಲೂರು ಮೇಷ್ಟ್ರು

ಎಲೆಯ ಒಳಭಾಗಕ್ಕೆ ಮಾಸ್ಕ್, ಅಂಚಿಗೆ ಮಾತ್ರ Multiply ಅಂತ ಇಟ್ಟರೆ ಎರಡೂ ಸರಿಹೋಗುತ್ತೆ.

ಕೊಪ್ಪದಕ್ಕ

ಕೆಲಸವೂ ಎರಡು ಪಟ್ಟು. ನಾನು Darken ಸ್ಟಾಂಪೇ ಬಿಡಲ್ಲ.

ಹಾಸನ ಪ್ರಿಂಟ್ಸ್

ನಡುವೆ ಬರ್ತಿದ್ದೀನಿ, ಕ್ಷಮಿಸಿ. ನನ್ನದು ಮೇಜಿನ ಕೇಸು. ನಿಶ್ಚಿತಾರ್ಥದ ಊಟದ ಫೋಟೋ, ಒಬ್ಬರನ್ನ ಮೇಜಿನ ಹಿಂದೆ ಕೂರಿಸಬೇಕು. ಮೇಜಿನ ಅಂಚಿಗೆ ಸರಿಯಾಗಿ ಮಾಸ್ಕ್ ಹಾಕಿದೆ, ಅವರ ಕೈ ಮಾತ್ರ ಮೇಜಿನ ಮೇಲಿದೆ, ಅದೂ ಕಟ್ ಆಗಿಹೋಯಿತು. ಇಲ್ಲೂ ಗ್ರೂಪ್ ಮಾಸ್ಕೇನಾ?

ಬೇಲೂರು ಮೇಷ್ಟ್ರು

ಗ್ರೂಪ್ ಮಾಸ್ಕೇ. ಕೈಗೆ ಮಾತ್ರ, ಅವರ ಲೇಯರನ್ನ ಡೂಪ್ಲಿಕೇಟ್ ಮಾಡಿ ಗ್ರೂಪಿನ ಹೊರಗೆ ಮೇಲೆ ತನ್ನಿ. ಅದರ ಮಾಸ್ಕಿನಲ್ಲಿ ಎಲ್ಲ ಕಪ್ಪು, ಅಂಗೈ ಮತ್ತು ಮಣಿಕಟ್ಟು ಮಾತ್ರ ಬಿಳಿ. ಎರಡು ಲೇಯರನ್ನೂ ಲಿಂಕ್ ಮಾಡಿಟ್ಟುಕೊಳ್ಳಿ, ಇಲ್ಲಾಂದರೆ ಸರಿಸಿದಾಗ ಕೈ ಅಲ್ಲೇ ಉಳಿಯುತ್ತೆ. ಮೇಜಿನ ಆಚೆ ಅಂಚು ಎಷ್ಟು ಮಸುಕಾಗಿದೆಯೋ ಮಾಸ್ಕಿನ Feather ಅಷ್ಟೇ ಇರಲಿ, ಖಾಲಿ ಜಾಗದಲ್ಲಿ ಅಂಚು ನೋಡಿ ಅಳತೆ ಮಾಡಿ.

ಕೈ ತೇಲಿದ ಹಾಗೆ ಕಾಣೋದು ಬೆರಳು ಮೇಜಿಗೆ ತಾಗೋ ಗೆರೆಯಲ್ಲಿ ನೆರಳು ಇಲ್ಲದಾಗ. Multiply ಲೇಯರಲ್ಲಿ, ಮೇಜಿನ ಮೇಲಿರೋ ತಟ್ಟೆಯ ಅಡಿಯ ನೆರಳಿನಿಂದಲೇ ಬಣ್ಣ ತಗೊಂಡು, ತಾಗೋ ಗೆರೆಯಲ್ಲಿ ತೆಳುವಾಗಿ ಗಟ್ಟಿ ನೆರಳು, ಅದರಾಚೆ ಹರಡಿದ ಮಸುಕು ನೆರಳು. ಮೇಜು ಪಾಲಿಶ್ ಆಗಿದ್ದರೆ ಪಕ್ಕದವರ ಕೈಯ ಪ್ರತಿಬಿಂಬ ಎಷ್ಟಿದೆ ನೋಡಿ ಅಷ್ಟೇ ಕೊಡಿ. ಮುಂದೆ ಗಾಜಿನ ಲೋಟ ಇದೆಯಾ? ಸ್ಟೀಲ್ ಲೋಟಕ್ಕೆ ಪೂರ್ತಿ ಕಪ್ಪು ಮಾಸ್ಕ್, ಗಾಜಿಗೆ ಹಾಗಲ್ಲ. ಖಾಲಿ ಗಾಜಿನಲ್ಲಿ ಹಿಂದಿನ ಅಂಗಿ ಕಾಣಬೇಕು, ಲೋಟದ ಅಂಚು, ತಳ, ಹೊಳಪು ಮಾತ್ರ ಮುಂದೆ ಬರಬೇಕು. ನೀರಿದ್ದರೆ ಹಿಂದಿನದು ಎಡಬಲ ತಿರುಗಿ ಕಾಣಬಹುದು, ಅಂಥ ಕಡೆ ವ್ಯಕ್ತಿಯನ್ನ ಸ್ವಲ್ಪ ಪಕ್ಕಕ್ಕೆ ಸರಿಸೋದೇ ಮೇಲು.

ಹಾಸನ ಪ್ರಿಂಟ್ಸ್

ನೀರಿನ ಗಾಜಿನ ಲೋಟ ಎರಡಿದೆ. ಸರಿಸ್ತೀನಿ.

ಮೂಡಿಗೆರೆ ಆಲ್ಬಂ

ಮೇಷ್ಟ್ರೇ, ತಂತಿ ನೀವು ಹೇಳಿದ ಹಾಗೇ ಮಾಡಿದೆ. ನನ್ನ ಅಂಕಿಯಲ್ಲಿ 0.55 ಬಂತು. ಹಸಿರು ಪೂರ್ತಿ ಹೋಯಿತು. ಇನ್ನೊಂದು ಪ್ರಶ್ನೆ. ಬಿಸಿಲು ಕ್ಯಾಮೆರಾದ ಹಿಂದಿನಿಂದ, ಎಡಗಡೆಯಿಂದ ಬರ್ತಿದೆ. ತಂತಿಯ ನೆರಳು ಅಂಗಿ ಮೇಲೆ ಬೀಳಬೇಕಲ್ವಾ? ಹಾಕಿದರೆ ಗೆರೆ ಗೆರೆಯಾಗಿ ವಿಚಿತ್ರ ಕಾಣ್ತಿದೆ.

ಬೇಲೂರು ಮೇಷ್ಟ್ರು

ಪಕ್ಕದವರ ಮೇಲೆ ಇದೆಯಾ ನೋಡಿ. ಇರಲಾರದು. ಸೂರ್ಯ ಚುಕ್ಕಿಯಲ್ಲ, ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಯಾವ ವಸ್ತುವಿನ ಗಟ್ಟಿ ನೆರಳೂ ಅದರ ದಪ್ಪದ ಸುಮಾರು ನೂರು ಪಟ್ಟು ದೂರಕ್ಕೆ ಮುಗಿದುಹೋಗುತ್ತೆ. ಎರಡು ಎಳೆ ಹೊಸೆದ ಮುಳ್ಳುತಂತಿ 5 ಮಿಲಿಮೀಟರ್ ದಪ್ಪ ಅಂದರೆ ಅರ್ಧ ಮೀಟರ್ ದಾಟಿದ ಮೇಲೆ ಬರೀ ಮಸುಕು, ಇನ್ನೂ ಹಿಂದೆ ಹೋದರೆ ಕಣ್ಣಿಗೆ ಸಿಗಲ್ಲ. ಕಲ್ಲುಕಂಬ ಹಾಗಲ್ಲ. ಅದರ ನೆರಳು ಚೆನ್ನಾಗಿಯೇ ಬೀಳುತ್ತೆ, ದೊಡ್ಡಪ್ಪನವರು ಕಂಬಕ್ಕೆ ಒತ್ತಿ ನಿಂತಿರೋದರಿಂದ ಅದು ಬೇಕೇ ಬೇಕು. ಹುಲ್ಲಿನ ಮೇಲೆ ಕಂಬದ ನೆರಳು ಯಾವ ದಿಕ್ಕಿಗೆ ಹೋಗಿದೆಯೋ ಆ ಗೆರೆ ಹಿಡಿದು ಹೋಗಿ. ಅವರ ಪಾದ ಆ ಗೆರೆ ದಾಟಿದರೆ ನೆರಳು ಪಂಚೆ ಮೇಲೆ ನೆಟ್ಟಗೆ ಏರಬೇಕು.

ಮೂಡಿಗೆರೆ ಆಲ್ಬಂ

ಪಕ್ಕದವರ ಮೇಲೆ ತಂತಿಯ ನೆರಳು ಇಲ್ಲ, ನಿಜ. ಕಂಬದ ನೆರಳು ಹುಲ್ಲಿನ ಮೇಲೆ ಬಲಕ್ಕೆ ಹೋಗಿದೆ, ಅವರ ಎಡಗಾಲಿನ ಹತ್ತಿರ.

ಕೊಪ್ಪದಕ್ಕ

ಕೊಂಬೆಯ ನೆರಳು ಮರೀಬೇಡಿ. ಅದು ಎತ್ತರದಲ್ಲಿದ್ದರೆ ನೆರಳು ಎಲೆ ಆಕಾರದಲ್ಲಿ ಬರಲ್ಲ, ಕಲೆ ಕಲೆಯಾಗಿ ಬರುತ್ತೆ. ಪಕ್ಕದವರ ಭುಜ ನೋಡಿ, ಅಲ್ಲಿದ್ದರೆ ಇಲ್ಲೂ ಹಾಕಿ.

ಪ್ರಿಂಟಿಗೆ ಕಳಿಸೋ ಮುಂಚೆ ಒಂದು ಪರೀಕ್ಷೆ ಮಾಡಿ. ಗ್ರೂಪ್ ಒಳಗೆ ದೊಡ್ಡಪ್ಪನವರ ಮೇಲೆ, ತಂತಿ ಲೇಯರಿನ ಕೆಳಗೆ ಒಂದು Solid Color ಲೇಯರ್ ಕ್ಲಿಪ್ ಮಾಡಿ. ಮೊದಲು ಅಪ್ಪಟ ಬಿಳಿ, ಆಮೇಲೆ ಕಪ್ಪು. ಬಿಳಿ ಇಟ್ಟಾಗ ಕಂಬದ ಸುತ್ತ ಉಳಿದ ಹಸಿರು ಕಾಣುತ್ತೆ, ಕಪ್ಪು ಇಟ್ಟಾಗ ಎಲೆ ಸುತ್ತ ಉಳಿದ ಆಕಾಶ ಕಾಣುತ್ತೆ. ಅಂಗಿ ಮೇಲೆ ಕಾಣದ ತೂತುಗಳೂ ಆಗ ಸಿಗುತ್ತವೆ. ತಿದ್ದಿದ ಮೇಲೆ ಆ ಲೇಯರ್ ತೆಗೀರಿ.

ಅರಸೀಕೆರೆ ಸ್ಟುಡಿಯೋ

ಎಲ್ಲ ಸರಿ, ಆದರೂ ಮೇಲಿನ ತಂತಿ ಒಂದನ್ನಾದರೂ ಎಲ್ಲರ ಮೇಲಿಂದಲೂ ತೆಗೆದರೆ ಮುಖಗಳ ಹತ್ತಿರ ತೆರವಾಗುತ್ತೆ. ಎರಡು ಸಾಲು ಉಳಿದರೂ ಬೇಲಿ ಬೇಲಿಯೇ.

ಬೇಲೂರು ಮೇಷ್ಟ್ರು

ಕಂಬದಲ್ಲಿ ಮೂರನೇ ತಂತಿಯ ಸುತ್ತು ಉಳಿಯುತ್ತಲ್ಲ. ಅದನ್ನೂ ತೆಗೀಬೇಕು, ಕಂಬದಿಂದಾಚೆ ಫ್ರೇಮಿನ ಕೊನೆವರೆಗೂ ತೆಗೀಬೇಕು. ಮಾಡಬಹುದು, ಮನೆಯವರನ್ನ ಕೇಳಿ ಮಾಡಿ.

ಮೂಡಿಗೆರೆ ಆಲ್ಬಂ

ಮೇಲಿನ ತಂತಿ ಎದೆ ಮಟ್ಟಕ್ಕಿದೆ, ಕುಳ್ಳಗಿರೋ ಇಬ್ಬರು ಮಕ್ಕಳ ಮುಖಕ್ಕೆ ಮಾತ್ರ ಅಡ್ಡ ಬರುತ್ತೆ. ಮನೆಯವರನ್ನ ಕೇಳ್ತೀನಿ. ಅಲ್ಲಿವರೆಗೆ ಕಂಬದ ನೆರಳು ಮುಗಿಸ್ತೀನಿ. ಪಂಚೆಯ ನೆರಿಗೆ ಮೇಲೆ ಆ ನೆರಳಿನ ಅಂಚನ್ನ ಕೈಯಲ್ಲಿ ಬಗ್ಗಿಸೋದೋ, Displace ಫಿಲ್ಟರಿನಲ್ಲೋ?

ಕೊಪ್ಪದಕ್ಕ

ನೆರಿಗೆ ಐದಾರೇ ಇದ್ದರೆ ಕೈಯಲ್ಲೇ. ನೆರಿಗೆಯ ಉಬ್ಬಿನಲ್ಲಿ ಅಂಚು ಒಂದು ಕಡೆಗೆ, ತಗ್ಗಿನಲ್ಲಿ ಇನ್ನೊಂದು ಕಡೆಗೆ ಸರಿಯಬೇಕು. Liquify ನಲ್ಲಿ ನೆರಳಿನ ಲೇಯರ್ ಒಂದನ್ನೇ ತೆರೆದು ಸಣ್ಣ ಬ್ರಷ್ಷಲ್ಲಿ ತಳ್ಳಿ. Show Backdrop ಟಿಕ್ ಮಾಡಿದರೆ ಕೆಳಗಿನ ಪಂಚೆ ಕಾಣಿಸುತ್ತೆ.